ಎಂಟನೆಯ ಸಾಲಿನ ಕೆಂಪು ಚೀಟಿ

ಗಿರಿಜವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ರೇಡಿಯೊ ಹಾಕುತ್ತಾರೆ. ಸುದ್ದಿಯ ಮೇಲೆ ಅವರಿಗೆ ಅಂಥ ಆಸೆಯೇನಿಲ್ಲ. ಸುದ್ದಿಗೆ ಮುಂಚೆ ಬರುವ ಪೀಪ್ ಸದ್ದಿಗೆ ಕೈಗಡಿಯಾರ ಹೊಂದಿಸಿಕೊಳ್ಳಬೇಕು, ಅಷ್ಟೇ. ಜ್ವರ ಬಂದ ದಿನವೂ, ಗಂಡ ತೀರಿಕೊಂಡ ಮರುದಿನವೂ ಅದನ್ನು ತಪ್ಪಿಸಿದವರಲ್ಲ. ಇಪ್ಪತ್ತನೆಯ ವಯಸ್ಸಿಗೆ ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದಾಗ ಹಿರಿಯ ಆಪರೇಟರ್ ವೆಂಕಮ್ಮ ಮೊದಲ ದಿನ ಕಲಿಸಿದ್ದೇ ಅದು. ಪರ ಊರಿಗೆ ಹೋಗುವ ಟ್ರಂಕ್ ಕಾಲ್‌ನ ಟಿಕೆಟ್ ಮೇಲೆ ಹೊತ್ತು ಬರೆಯುವವಳ ಗಡಿಯಾರ ಸುಳ್ಳು ಹೇಳಬಾರದು.

ನಿವೃತ್ತರಾಗಿ ನಾಲ್ಕು ವರ್ಷವಾದ ಮೇಲೆ ಆ ಗಡಿಯಾರಕ್ಕೆ ಮತ್ತೆ ಕೆಲಸ ಬಂದಿತ್ತು. ಶಿರಸಿಯ ಹೊಸಪೇಟೆ ರಸ್ತೆಯ ಒಂದು ಲಾಡ್ಜಿನ ಮಹಡಿಯ ಹಾಲ್‌ನಲ್ಲಿ ಬೆಂಗಳೂರಿನಿಂದ ಬಂದ ಮೂವರು ಹತ್ತು ದಿನಕ್ಕೆ ಬಿಡಾರ ಹೂಡಿದ್ದರು. ಅವರು ಬರೆಯುತ್ತಿದ್ದದ್ದು ಮೊಬೈಲಿನಲ್ಲಿ ಜನ ನೋಡುವ ಒಂದು ವೆಬ್ ಸರಣಿ. ಸಾವಿರದ ಒಂಬೈನೂರ ಅರವತ್ತೊಂದರ ಶಿರಸಿ, ಆಗಿನ ಟೆಲಿಫೋನ್ ಎಕ್ಸ್‌ಚೇಂಜ್, ಅಲ್ಲೊಬ್ಬ ಆಪರೇಟರ್ ಹುಡುಗಿ. ಆ ಕಾಲದ ಬೋರ್ಡು, ಪಿನ್ನು, ಟಿಕೆಟ್ಟುಗಳ ಬಗ್ಗೆ ತಪ್ಪಾಗದಂತೆ ನೋಡಿಕೊಳ್ಳಲು ಅವರಿಗೊಬ್ಬ ಹಳಬರು ಬೇಕಾಗಿತ್ತು. ಗಿರಿಜವ್ವ ಮೂಲೆಯ ಕುರ್ಚಿಯಲ್ಲಿ ಕೂತು ಒಂಬತ್ತು ದಿನ ಕೇಳಿಸಿಕೊಂಡಿದ್ದರು. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ನಡೆಯುತ್ತಿರುವ ಮಾತಿನೊಳಗೆ ಆಪರೇಟರ್ ಬಾಯಿ ಹಾಕಬಾರದು ಎಂಬುದು ನಲವತ್ತು ವರ್ಷದ ರೂಢಿ.

ಹತ್ತನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಆ ರೂಢಿ ಮುರಿಯಬೇಕಾಯಿತು.

ಹಾಲ್‌ನ ಉದ್ದದ ಗೋಡೆಯ ತುಂಬ ಚೀಟಿಗಳಿದ್ದವು. ಎಂಟು ಸಂಚಿಕೆಗೆ ಎಂಟು ಸಾಲು. ನಾಯಕಿ ಸುಮತಿಯ ಕತೆ ಹಳದಿ ಚೀಟಿಯಲ್ಲಿ, ಕೊಲೆಯ ತನಿಖೆ ಹಸಿರಿನಲ್ಲಿ, ಸುಮತಿಗೆ ನಿಶ್ಚಯವಾದ ಹುಡುಗ ರಮಾನಂದನದು ನೀಲಿಯಲ್ಲಿ. ಪ್ರತಿ ಸಾಲಿನ ತುದಿಗೆ ಒಂದು ಕೆಂಪು ಚೀಟಿ. ಅದನ್ನು ಅವರು ಹುಕ್ ಅನ್ನುತ್ತಿದ್ದರು. ಸಂಚಿಕೆ ಮುಗಿಯುವಾಗ ನೋಡುವವರ ಉಸಿರು ಅಲ್ಲಿ ಸಿಕ್ಕಿಕೊಳ್ಳಬೇಕು, ಮುಂದಿನ ಸಂಚಿಕೆ ಒತ್ತದೆ ಇರಲಾಗಬಾರದು. ಎಂಟನೆಯದರ ಕೆಂಪು ಚೀಟಿ ಮಾತ್ರ ಬೇರೆ. ಮೊದಲ ಸಂಚಿಕೆ ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡಬೇಕು.

ಆ ಪ್ರಶ್ನೆ ಇಷ್ಟು. ಮರದ ಕಳ್ಳಸಾಗಣೆ ಹಿಡಿಯಲು ಹೊರಟ ಅರಣ್ಯ ರೇಂಜರ್ ಶಿರಸಿಯಿಂದ ಯಲ್ಲಾಪುರಕ್ಕೆ ಫೋನ್ ಮಾಡಿ ತಾನು ಯಾವ ದಾರಿಯಲ್ಲಿ ಬರುತ್ತೇನೆಂದು ತನ್ನ ಮೇಲಧಿಕಾರಿಗೆ ಹೇಳುತ್ತಾನೆ. ಮರುದಿನ ಬೆಳಿಗ್ಗೆ ಮಂಚಿಕೇರಿಯ ತಿರುವಿನಲ್ಲಿ ಅವನ ಹೆಣ. ದಾರಿಯನ್ನು ಕಳ್ಳರಿಗೆ ತಿಳಿಸಿದವರು ಯಾರು?

ಅದು ಪೂರ್ತಿ ಕಟ್ಟುಕತೆಯಲ್ಲ. ಬೀಜ ಗಿರಿಜವ್ವನದೇ. ಅರವತ್ತೊಂದರಲ್ಲಿ ಅಂಥದೇ ಒಂದು ಕೊಲೆ ನಿಜವಾಗಿ ನಡೆದಿತ್ತು, ಅದರ ಹಿಂದಿನ ಕರೆಗೆ ಬೋರ್ಡಿನಲ್ಲಿ ಪಿನ್ ಹಾಕಿ ಎರಡೂ ಕಡೆ ಕೂಡಿಸಿದ್ದವಳು ವೆಂಕಮ್ಮ. ಇಲಾಖೆಯ ವಿಚಾರಣೆ ಅವಳದು ತಪ್ಪಿಲ್ಲ ಎಂದು ಮುಗಿದಿತ್ತು, ಊರಿನ ವಿಚಾರಣೆ ಮುಗಿಯಲಿಲ್ಲ. ಆಗ ಎಕ್ಸ್‌ಚೇಂಜಿನಲ್ಲಿದ್ದ ಒಬ್ಬಳೇ ಹೆಂಗಸು ಅವಳು. ಕದ್ದು ಕೇಳುವ ವೆಂಕಮ್ಮ ಎಂದರು. ನಿಶ್ಚಯವಾಗಿದ್ದ ಮದುವೆ ಮುರಿಯಿತು, ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಸಾಯುವವರೆಗೂ ಒಂಟಿಯಾಗಿಯೇ ಇದ್ದಳು. ತಂಗಿ ತಿಮ್ಮಿ ಹುಲಗೋಳದಲ್ಲಿ ಇನ್ನೂ ಇದ್ದಾಳೆ, ಎಂಬತ್ತರ ಹತ್ತಿರ, ಮೊಮ್ಮಗಳ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಾಳೆ. ಮುಖ್ಯ ಬರಹಗಾರ ಚಂದ್ರಶೇಖರಪ್ಪನಿಗೆ ಗಿರಿಜವ್ವ ಈ ಕತೆ ಹೇಳುವ ಮೊದಲು ಒಂದು ಮಾತು ತೆಗೆದುಕೊಂಡಿದ್ದರು. ಏನೇ ಬರೆಯಿರಿ, ಆಪರೇಟರ್ ಹುಡುಗಿಯನ್ನು ಕಳ್ಳಿ ಮಾಡಬೇಡಿ. ಚಂದ್ರು ಒಪ್ಪಿದ್ದ.

ಈಗ ಅಂದಾನಪ್ಪ ಎಂಟನೆಯ ಸಾಲಿಗೆ ಹೊಸ ಕೆಂಪು ಚೀಟಿ ಅಂಟಿಸುತ್ತಿದ್ದ. ಗದಗಿನ ಕಡೆಯ ಹುಡುಗ, ಮೂವತ್ತು ತುಂಬಿಲ್ಲ, ಎದ್ದು ನಿಂತರೆ ಕೂರುವವನಲ್ಲ. ಚೀಟಿಯಲ್ಲಿ ಬರೆದಿದ್ದು ಎರಡೇ ಮಾತು. ‘ಸುಮತಿಯೇ ಹೇಳಿದ್ದು.’

‘ಇದ ನೋಡ್ರಿ ಪೇಆಫ್ ಅಂದ್ರ,’ ಅಂದ ಅಂದಾನಿ. ‘ಏಳು ಎಪಿಸೋಡ್ ಅಕಿ ಬೆನ್ನಿಗೆ ನಿಂತು ಅತ್ತವರು ಎಂಟನೇದ್ರಾಗ ಕುರ್ಚಿಯಿಂದ ಬೀಳ್ಬೇಕು.’

ಚಂದ್ರು ಕಣ್ಣುಜ್ಜಿಕೊಂಡ. ಸಂಜೆ ಆರಕ್ಕೆ ವಿಡಿಯೊ ಕರೆ ಇತ್ತು. ಸರಣಿಗೆ ದುಡ್ಡು ಹಾಕುವ ಕಂಪನಿಯ ಮೇಡಂ ಎಂಟೂ ಸಂಚಿಕೆಯ ರೂಪರೇಖೆ ಕೇಳುತ್ತಾರೆ. ಹಿಡಿಸಿದರೆ ಬರೆಯಲು ಒಪ್ಪಿಗೆ, ಇಲ್ಲದಿದ್ದರೆ ಆ ಜಾಗ ಬೇರೆ ಕತೆಗೆ. ಎರಡು ಸಲ ಮುಂದೂಡಿದ್ದಾಗಿತ್ತು. ಇದುವರೆಗಿನ ಕೊನೆಯಲ್ಲಿ ಮರದ ಸಾಹುಕಾರ ರೇಂಜರನ ಡ್ರೈವರನಿಂದ ವಿಷಯ ತಿಳಿದನೆಂದಿತ್ತು. ಮೇಡಂ ಅದನ್ನು ಹಿಂದಿನ ವಾರವೇ ಸಪ್ಪೆ ಎಂದಿದ್ದರು.

‘ಅಂದಾನಿ ಹೇಳೂದ್ರಾಗ ಜೀವ ಐತಿ,’ ಅಂದ ಚಂದ್ರು, ಗೋಡೆಯ ಕಡೆ ನೋಡುತ್ತ. ಮೂಲೆಯ ಕುರ್ಚಿಯ ಕಡೆ ನೋಡಲಿಲ್ಲ.

‘ಚಂದ್ರಶೇಖರಪ್ಪಾರ,’ ಅಂದರು ಗಿರಿಜವ್ವ.

ಮೂವರೂ ತಿರುಗಿ ನೋಡಿದರು. ಅವರು ತಾವಾಗಿ ಬಾಯಿ ತೆರೆದದ್ದು ಅದೇ ಮೊದಲು.

‘ನೀವು ನನಗ ಮಾತು ಕೊಟ್ಟಿದ್ರಿ.’

‘ಕೊಟ್ಟಿದ್ದೆ ಅವ್ವಾರ. ಇಲ್ಲ ಅನ್ನೂದಿಲ್ಲ.’ ಅವನ ದನಿ ಇಳಿಯಿತು. ಹಾವೇರಿಯ ಹುಡುಗ, ಅವರನ್ನು ಮೊದಲ ದಿನದಿಂದ ಅವ್ವಾರ ಎಂದೇ ಕರೆಯುತ್ತಿದ್ದ. ‘ಆದ್ರ ಇದು ವೆಂಕಮ್ಮ ಅಲ್ಲ, ಸುಮತಿ. ಹೆಸರು ಬ್ಯಾರೆ, ಮನಿ ಬ್ಯಾರೆ.’

‘ಶಿರಸ್ಯಾಗ ಅರವತ್ತೊಂದ್ರಾಗ ಬೋರ್ಡಿನ ಮುಂದ ಕುಂತಾಕಿ ಒಬ್ಬಾಕೀನ. ಹೆಸರು ಬದಲಾದ್ರ ತಿಮ್ಮಿಗೆ ಗೊತ್ತಾಗಂಗಿಲ್ಲೇನು?’

‘ಅವ್ವಾರ, ನಮಗ ಬ್ಯಾರೆ ದಾರಿ ತೋರಸ್ರಿ ಹಂಗಾದ್ರ,’ ಅಂದಾನಿ ಅಡ್ಡ ಬಾಯಿ ಹಾಕಿದ. ‘ಆ ಮಾತು ಕೇಳಿದ್ದು ಮೂರ ಮಂದಿ. ಮಾತಾಡಿದವ ಸತ್ತ. ಆ ಕಡೆ ಇದ್ದವ ಅವನ ಸಾಹೇಬ, ದೇವರಂಥವ ಅಂತ ಒಂದನೇ ಎಪಿಸೋಡಿನ್ಯಾಗ ನಾವ ಬರದೇವಿ. ಉಳಿದಾಕಿ ಯಾರು? ಲೆಕ್ಕ ಇಷ್ಟ.’

ಅರವತ್ತು ವರ್ಷದ ಹಿಂದೆ ಊರು ಹಾಕಿದ ಲೆಕ್ಕವೂ ಅದೇ ಆಗಿತ್ತು. ಗಿರಿಜವ್ವನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿಯಿತು. ಸಿಟ್ಟು ಬಂದಾಗ ಅವರು ಹಾಗೆ ಮಾಡುತ್ತಾರೆ, ಬೈಯುವುದಿಲ್ಲ. ಎದ್ದು ಗೋಡೆಯ ಹತ್ತಿರ ಹೋದರು. ಕನ್ನಡಕ ಏರಿಸಿ ಮೂರನೆಯ ಸಾಲನ್ನು ಮೇಲಿನಿಂದ ಓದಿದರು.

‘ಇದು ನಿಮ್ಮ ಬರಹ ಅಲ್ಲನು? ಸುಮತಿ ರೆಕಾರ್ಡ್ ಕೋಣ್ಯಾಗ ಒಬ್ಬಾಕಿನ ಕುಂತು ಆ ದಿನದ ಟಿಕೆಟ್ ಹುಡುಕ್ತಾಳ. ಸಿಗಂಗಿಲ್ಲ. ಅಳ್ತಾಳ.’

‘ಹೌದ್ರಿ. ಮೂರನೇದ್ರ ಹುಕ್ ಅದು. ಟಿಕೆಟ್ ಮಾಯ.’

‘ಅಕೀನ ಕಳ್ಳಿ ಆಗಿದ್ರ, ಒಬ್ಬಾಕಿನ ಇದ್ದಾಗ ಯಾರಿಗೆ ತೋರಸಾಕ ಹುಡುಕಿದ್ಳು? ಯಾರಿಗೆ ಕೇಳಸಾಕ ಅತ್ಳು?’

ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ನಾಗವೇಣಿ ತಲೆಯೆತ್ತಿದಳು. ಚೀಟಿಗಳನ್ನು ರೂಪರೇಖೆಯಾಗಿ ಬರೆದು ಇಡುವ ಕೆಲಸ ಅವಳದು, ಯಲ್ಲಾಪುರದವಳು.

‘ಅದು ಹೌದೇ ಚಂದ್ರಣ್ಣ,’ ಅಂದಳು. ‘ಐದನೇದ್ರಲ್ಲೂ ಹಾಂಗೇ ಉಂಟು. ಯಾರೂ ಇಲ್ಲದೇ ಇದ್ದಾಗ ಅವಳು ರೇಂಜರನ ಫೋಟೊ ಎದ್ರು ಕೈ ಮುಗೀತಾಳೆ. ನೋಡುವವ್ರಿಗೆ ನಾವೇ ಸುಳ್ಳು ತೋರ್ಸಿದ ಹಾಂಗೆ ಆಗ್ತು. ಬೈತ್ರು.’

‘ಆ ಸೀನ್ ಕಿತ್ರಾತು,’ ಅಂದ ಅಂದಾನಿ.

‘ಕಿತ್ತರೆ ಮೂರನೇ ಹುಕ್ ಎಂತ ಮಾಡದು? ಮೂರನೇದು ಬಿದ್ರೆ ನಾಲ್ಕನೇದಕ್ಕೆ ಕಾರಣವೇ ಇಲ್ಲೆ. ಟಿಕೆಟ್ ಹುಡ್ಕತಾ ಹೋದವ್ಳಿಗೇ ಅಲ್ದಾ ರೇಂಜರನ ಡೈರಿ ಸಿಗದು?’

ಚಂದ್ರು ಕುರ್ಚಿಗೆ ಕುಸಿದು ಕೂತ. ಗೋಡೆಯ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು.

‘ಅದು ನಾಲ್ಕು ನಿಮಿಷ ಹಿಂದ ಐತಿ,’ ಅಂದರು ಗಿರಿಜವ್ವ ತಮ್ಮ ಕೈ ನೋಡಿಕೊಂಡು.

‘ಅವ್ವಾರ, ಹೆದರಸಬ್ಯಾಡ್ರಿ.’ ಚಂದ್ರು ನಗಲು ಹೋಗಿ ಸೋತ. ‘ನೋಡ್ರಿ, ಡ್ರೈವರ್ ಮಾಡಿದಾ ಅಂದ್ರ ಮೇಡಂ ಒಪ್ಪಂಗಿಲ್ಲ. ಸುಮತಿ ಮಾಡಿದ್ಳು ಅಂದ್ರ ಗೋಡಿ ಬೀಳ್ತೈತಿ, ಖರೆ. ಆದ್ರ ಆರಕ್ಕ ನನಗ ಒಂದು ಉತ್ತರ ಬೇಕು. ಸಿಗಲಿಲ್ಲಂದ್ರ ನಾ ಅಂದಾನಿದ ಹೇಳಾಂವ. ಸೀನ್ ಆಮೇಲೆ ಹೊಲಕೊಂತೀನಿ. ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ.’

ಒಂದೂವರೆ ಗಂಟೆ ಉಳಿದಿತ್ತು. ಗಿರಿಜವ್ವ ಕುರ್ಚಿಗೆ ಮರಳಲಿಲ್ಲ. ಕಣ್ಣು ಮುಚ್ಚಿದರು. ಒಂದು ಕರೆ ಹೇಗೆ ಹೋಗುತ್ತದೆ? ಮಾತಾಡುವವನ ಬಾಯಿ, ವಯರು, ಬೋರ್ಡು, ಆಪರೇಟರ್, ಮತ್ತೆ ವಯರು, ಕಾಡಿನೊಳಗಿನ ಕಂಬದಿಂದ ಕಂಬಕ್ಕೆ, ಆಚೆಯ ಬೋರ್ಡು, ಆಚೆಯ ಕಿವಿ. ಜನ ಎರಡು ತುದಿ ನೋಡುತ್ತಾರೆ, ನಡುವೆ ಕೂತವಳನ್ನು ನೋಡುತ್ತಾರೆ. ಕಂಬಗಳನ್ನು ಯಾರು ನೋಡುತ್ತಾರೆ?

ಆಗ ವೆಂಕಮ್ಮನ ದನಿ ನೆನಪಾಯಿತು. ಮಳೆಗಾಲದ ಒಂದು ಮಧ್ಯಾಹ್ನ ಬೋರ್ಡಿನ ಮುಂದೆ ಕೂತು ಆಕೆ ಹೇಳಿದ್ದು.

‘ವೆಂಕಮ್ಮಕ್ಕ ಒಂದ ಸಲ ನನಗ ಹೇಳಿದ್ಳು,’ ಅಂದರು ಗಿರಿಜವ್ವ ಕಣ್ಣು ತೆರೆದು. ‘ಪಿನ್ ಹಾಕಿದ ಮ್ಯಾಲ ಎರಡೂ ಕಡೆ ಮಾತು ಕೂಡ್ತೋ ಇಲ್ಲೋ ಅಂತ ಆಪರೇಟರ್ ಒಂದ ಕ್ಷಣ ಕೇಳ್ಬೇಕು, ಆಮ್ಯಾಲ ತನಗ ಕೇಳಸೋ ಕೀ ಮುಚ್ಚಬೇಕು. ಅದು ನಿಯಮ. ಅಕಿ ಆ ದಿನ ಕೇಳಿದಾಗ ಕಟ್ ಅಂತ ಒಂದು ಸಪ್ಪಳ ಆತಂತ. ಅಲ್ಲೀತನಕ ಸ್ವಚ್ಛ ಇದ್ದ ದನಿ ಬಾವಿ ಒಳಗಿಂದ ಬಂದಂಗ ಸಣ್ಣಾತಂತ. ಟಿಕೆಟ್ ಮ್ಯಾಲ ದನಿ ಕ್ಷೀಣ ಅಂತ ಬರದು ಕೀ ಮುಚ್ಚಿದ್ಳು. ವಿಚಾರಣ್ಯಾಗ ಏನು ಕೇಳಿದಿ ಅಂತ ಕೇಳಿದ್ರಂತ. ಹೆಂಗ ಕೇಳಸ್ತು ಅಂತ ಯಾರೂ ಕೇಳಲಿಲ್ಲ.’

‘ಸಣ್ಣಾತಂದ್ರ?’ ಚಂದ್ರು ಮುಂದಕ್ಕೆ ಬಾಗಿದ.

‘ನಡುವ ಇನ್ನೊಂದು ಫೋನ್ ಕೂಡಿದ್ರ ಹಂಗಾಗ್ತೈತಿ. ಇರೂದ ಒಂದ ದನಿ, ಹಂಚಿಕೊಳ್ಳೋ ಕಿವಿ ಮೂರಾದ್ರ ಎಲ್ಲಾರಿಗೂ ಕಮ್ಮಿ. ಲೈನ್‌ಮನ್‌ಗಳ ಚೀಲದಾಗ ಒಂದು ಟೆಸ್ಟ್ ಫೋನ್ ಇರ್ತಿತ್ತು. ಕಂಬಾ ಹತ್ತಿ ಅದರ ಎರಡು ಚಿಮಟಿ ವಯರಿಗೆ ಕಚ್ಚಿಸಿದ್ರ ಸಾಕು, ಲೈನ್ ಮ್ಯಾಲಿನ ಮಾತೆಲ್ಲಾ...’

ಹೇಳುತ್ತಲೇ ಅವರ ದನಿ ನಿಂತಿತು. ಇಪ್ಪತ್ತು ವರ್ಷ ಟೆಸ್ಟ್ ಫೋನ್ ನೋಡಿದ್ದರು, ನಲವತ್ತು ವರ್ಷ ವೆಂಕಮ್ಮನ ಆ ಮಾತು ನೆನಪಿಟ್ಟುಕೊಂಡಿದ್ದರು. ಎರಡನ್ನೂ ಒಂದೇ ಕಡೆ ಇಟ್ಟು ನೋಡಿರಲಿಲ್ಲ.

‘ಲೈನ್‌ಮನ್!’ ಅಂದಾನಿ ಕೂಗಿಯೇಬಿಟ್ಟ. ‘ನಮ್ಮ ಲೈನ್‌ಮನ್ ನಿಂಗಣ್ಣ! ಆರು ಎಪಿಸೋಡ್ ನಗಸ್ಕೋಂತ ಬಂದಾಂವ, ಚೀಲಾ ಕಳಕೊಂಡು ಮಂಗ್ಯಾ ಒಯ್ದೈತಿ ಅಂತ ಹೊಯ್ಕೊಂಡಾಂವ! ಅವನೇ ಕೊಲೆಗಡುಕ! ಚಂದ್ರಣ್ಣ, ಇದಕ್ಕಿಂತ ಪೇಆಫ್ ಬೇಕೇನು?’

ಬಾಗಿಲ ಬಳಿ ಲೋಟಗಳು ಒಂದಕ್ಕೊಂದು ತಾಗಿದವು.

ಪರಮೇಶ್ವರಪ್ಪ ಚಹಾದ ಕೆಟಲಿ ಹಿಡಿದು ನಿಂತಿದ್ದ. ಕೆಳಗಿನ ಚಹಾ ಅಂಗಡಿ ಅವನದು, ಅರವತ್ತು ದಾಟಿದವನು. ಅವನ ಅಪ್ಪ ಕೆರಿಯಪ್ಪ ಅರವತ್ತೊಂದರಲ್ಲಿ ಲೈನ್‌ಮನ್ ಆಗಿದ್ದ. ಮೊದಲ ದಿನವೇ ಮೇಲೆ ಬಂದು, ಅಪ್ಪ ಕಂಬದ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದದ್ದು, ಮಂಗ ಚೀಲ ಒಯ್ದದ್ದು ಎಲ್ಲ ಹೇಳಿ ನಗಿಸಿದ್ದವನು ಅವನೇ. ಸರಣಿಯ ನಿಂಗಣ್ಣ ಹುಟ್ಟಿದ್ದು ಆ ಮಾತುಗಳಿಂದ. ನಮ್ಮಪ್ಪನ ಪಾರ್ಟು ಯಾರಿಗೆ ಕೊಡ್ತೀರಿ ಎಂದು ದಿನಾ ಕೇಳುತ್ತಿದ್ದ.

‘ಚಾ ತಂದೀನ್ರಿ,’ ಅಂದ. ಒಂದೊಂದೇ ಲೋಟ ತುಂಬಿದ. ಮುಖ ಬಿಳಿಚಿತ್ತು. ‘ನಮ್ಮಪ್ಪ ಆ ವರ್ಷಾನ ನೌಕರಿ ಬಿಟ್ಟ. ಬೆನ್ನು ನೋವು ಅಂತಿದ್ದ. ಅದನ್ನೂ ನಿಮ್ಮ ಕತ್ಯಾಗ ಹಾಕ್ರಿ.’ ಕೆಟಲಿ ಎತ್ತಿಕೊಂಡು ಇಳಿದುಹೋದ.

ಮೆಟ್ಟಿಲ ಸದ್ದು ಮುಗಿಯುವವರೆಗೆ ಯಾರೂ ಲೋಟ ಮುಟ್ಟಲಿಲ್ಲ.

ಕೆರಿಯಪ್ಪ ಆ ವರ್ಷವೇ ನೌಕರಿ ಬಿಟ್ಟ ಸಂಗತಿ ಗಿರಿಜವ್ವನಿಗೆ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಅದು ಮನಸ್ಸಿನಲ್ಲಿ ಒಂದು ಕಡೆ ಕೂತುಬಿಟ್ಟಿತು. ಬೆನ್ನು ನೋವೂ ಇರಬಹುದು. ಇಲ್ಲದಿರಬಹುದು. ಅಂದಿನ ಟಿಕೆಟ್ಟುಗಳನ್ನು ಇಲಾಖೆ ಯಾವತ್ತೋ ಸುಟ್ಟಿದೆ. ಕೇಳಲು ಯಾರೂ ಉಳಿದಿಲ್ಲ. ಶಿವನೇ, ಅಂದುಕೊಂಡರು, ಒಬ್ಬಳ ಮೇಲಿನ ಮಣ್ಣು ತೆಗೆದು ಇನ್ನೊಬ್ಬನ ಮೇಲೆ ಹಾಕುವುದಕ್ಕೆ ನನ್ನನ್ನು ಇಲ್ಲಿ ಕೂರಿಸಿದೆಯಾ?

‘ನಿಂಗಣ್ಣ ಅಲ್ಲ,’ ಅಂದರು.

‘ಅವ್ವಾರ, ನೀವ ಹೇಳಿದ್ರಿ...’

‘ನಾ ಹೇಳಿದ್ದು ಚೀಲದ ಮಾತು. ಚೀಲಾ ಕಳದಿತ್ತಲ್ಲ?’ ಎರಡನೆಯ ಸಾಲಿಗೆ ಹೋಗಿ ಮಂಗ ಚೀಲ ಒಯ್ದ ಚೀಟಿ ತೋರಿಸಿದರು. ‘ಇದು ಇಲ್ಲಿ ಎದಕ್ಕೈತಿ?’

‘ಕೊಲೆ ಆದ ಮ್ಯಾಲ ಒಂಚೂರು ನಗು ಇರಲಿ ಅಂತ.’

‘ನಗು ಕೊಲೀಕಿಂತ ಮದಲು ಬಂದ್ರ?’

ಚಂದ್ರು ಗಿರಿಜವ್ವನನ್ನೇ ನೋಡಿದ. ಆಮೇಲೆ ಎದ್ದ. ಆ ಚೀಟಿಯನ್ನು ಎರಡನೆಯ ಸಾಲಿನಿಂದ ಕಿತ್ತು ಮೊದಲನೆಯ ಸಾಲಿನ ತಲೆಗೆ ಅಂಟಿಸಿದ. ಅಂಟು ಹಿಡಿಯಲಿಲ್ಲ, ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಯೋಚಿಸಿದ.

‘ಮದಲು ಚೀಲಾ ಹೋಗ್ತೈತಿ. ಜನ ನಗ್ತಾರ, ಮರೀತಾರ. ಆಮ್ಯಾಲ ಕರೆ. ಕಟ್ ಅಂತ ಸಪ್ಪಳ. ದನಿ ಸಣ್ಣಾಗ್ತೈತಿ. ಸುಮತಿ ಟಿಕೆಟ್ ಮ್ಯಾಲ ಬರೀತಾಳ. ಮಳಿ ಅಂತ ಜನ ಅನ್ಕೊಂತಾರ. ಉತ್ತರ ಮೊದಲನೇ ಎಪಿಸೋಡಿನ್ಯಾಗ ಅವರ ಕಿವ್ಯಾಗ ಬಿದ್ದಿರ್ತೈತಿ!’

‘ಹಾಂಗಾದ್ರೆ ಟಿಕೆಟ್ ಮಾಯ ಆಪ್ಪಲೂ ಕಾರಣ ಸಿಕ್ತು,’ ಅಂದಳು ನಾಗವೇಣಿ, ಆತುರದಲ್ಲಿ ಮನೆಯ ಮಾತು ನುಸುಳಿತ್ತು. ‘ಅದ್ರ ಮೇಲೆ ದನಿ ಕ್ಷೀಣ ಹೇಳಿ ಬರದ್ದು. ಕದ್ದವಂಗೆ ಅದೇ ಭಯ.’

‘ಕದ್ದಾಂವ ಯಾರು ಮತ್ತ?’ ಅಂದಾನಿ ಸೊಂಟದ ಮೇಲೆ ಕೈಯಿಟ್ಟು ನಿಂತ. ‘ಎಕ್ಸ್‌ಚೇಂಜ್ ಒಳಗ ಬರಬೇಕು. ವಯರಿನ ಕೆಲಸ ಗೊತ್ತಿರಬೇಕು. ನಿಂಗಣ್ಣನ ಚೀಲ ಎಲ್ಲಿರ್ತೈತಿ ಗೊತ್ತಿರಬೇಕು. ಹೊಸ ಮನಿಷ್ಯಾನ್ನ ಎಂಟನೇದ್ರಾಗ ತರಾಕ ಬರಂಗಿಲ್ಲ. ಗೋಡಿ ಮ್ಯಾಲ ಇದ್ದವರ ಆಗ್ಬೇಕು.’

ಅದು ನ್ಯಾಯದ ಮಾತಾಗಿತ್ತು. ನಾಲ್ವರೂ ಗೋಡೆಯ ಮುಂದೆ ಸಾಲಾಗಿ ನಿಂತರು. ಐದು ಗಂಟೆಯಾಯಿತು. ನಾಗವೇಣಿಯ ಫೋನು ಬಡಿದುಕೊಂಡಿತು. ‘ಆನು ಇವತ್ತು ಬರ್ತ್ನಿಲ್ಲೆ ಆಯಿ, ಕಾಯಡ,’ ಎಂದು ಮನೆಯವರಿಗೆ ಪಿಸುಗುಟ್ಟಿ ಇಟ್ಟಳು. ಚಂದ್ರು ಹೆಸರು ಹೇಳುತ್ತಾ ಹೋದ, ಅಂದಾನಿ ಹೊಡೆದುಹಾಕುತ್ತಾ ಹೋದ. ಸಾಹುಕಾರ? ಕಂಬ ಹತ್ತುವ ಹೊಟ್ಟೆಯಲ್ಲ. ಇನ್‌ಸ್ಪೆಕ್ಟರ್? ಅವನು ಊರಿಗೆ ಬರುವುದೇ ಕೊಲೆಯಾದ ಮೇಲೆ. ಪೋಸ್ಟ್ ಮಾಸ್ಟರ್? ಟಿಕೆಟ್ ಕದಿಯಬಹುದು, ಆದರೆ ಕತೆಯಲ್ಲಿ ಅವನಿಗೆ ಒಂದು ಕಾಲೇ ಇಲ್ಲ.

ಗಿರಿಜವ್ವ ನೀಲಿ ಚೀಟಿಗಳನ್ನು ಎಣಿಸುತ್ತಿದ್ದರು. ಬರೀ ಆರಿದ್ದವು.

‘ಈ ರಮಾನಂದ ದಿನಾ ಮಧ್ಯಾಹ್ನ ಸುಮತಿಗೆ ಬುತ್ತಿ ತರ್ತಾನ ಅಂತ ಬರದೀರಿ.’

‘ಹೌದು, ಪ್ರೀತಿ.’

‘ಒಳಗ ಬರ್ತಾನ ಹಂಗಾದ್ರ. ಅವನ್ನ ಯಾರೂ ತಡ್ಯಂಗಿಲ್ಲ. ಇಲ್ಲಿ ನೋಡ್ರಿ, ಅಕಿ ಮನ್ಯಾಗ ಕೆಟ್ಟ ರೇಡಿಯೊ ಬಿಚ್ಚಿ ರಿಪೇರಿ ಮಾಡ್ತಾನ. ಇದೂ ಪ್ರೀತಿ?’

ಅಂದಾನಿಯ ಕೈ ಸೊಂಟದಿಂದ ಜಾರಿತು. ‘ಸಾಹುಕಾರನ ಲೆಕ್ಕ ಬರೆಯೋ ಗುಮಾಸ್ತ ಅವ,’ ಅಂದ ಮೆಲ್ಲಗೆ. ‘ಅದನ್ನ ನಾನ ಬರದೆ. ಸುಮ್ನ, ಅವಗೊಂದು ನೌಕರಿ ಇರಲಿ ಅಂತ.’

‘ವೆಂಕಮ್ಮಕ್ಕನ ಮದುವಿ ಮುರಿದಾಂವ ಕಡೀತನಕಾ ಅಕಿ ಕಡೆ ತಿರುಗಿ ನೋಡಲಿಲ್ಲ. ಅಕಿ ನಿರಪರಾಧಿ ಅಂತ ಒಂದ ಮಾತು ಆಡಿದ್ರ ಊರು ಸುಮ್ನಾಗ್ತಿತ್ತು,’ ಅಂದರು ಗಿರಿಜವ್ವ. ‘ಅಂವ ಪಾಪ, ಅಂಜಿದ್ದ ಅಷ್ಟ. ನಿಮ್ಮ ರಮಾನಂದ ಯಾಕ ಸುಮ್ನಿದ್ದಾನು?’

ಅಲ್ಲಿಂದ ಕೈಗಳು ಓಡಿದವು. ಚಂದ್ರು ಕೂಗಿ ಹೇಳುತ್ತಿದ್ದ, ಅಂದಾನಿ ಚೀಟಿ ಬರೆದು ಅಂಟಿಸುತ್ತಿದ್ದ, ನಾಗವೇಣಿಯ ಬೆರಳು ಲ್ಯಾಪ್‌ಟಾಪಿನ ಮೇಲೆ ನಿಲ್ಲುತ್ತಿರಲಿಲ್ಲ. ಮೊದಲನೆಯದರ ಹುಕ್ ಹಾಗೇ ಉಳಿಯಿತು. ಇನ್‌ಸ್ಪೆಕ್ಟರ್ ಬೋರ್ಡಿನ ಮೇಲೆ ಕೈಯಿಟ್ಟು ಸುಮತಿಗೆ ‘ಮೂರನೇ ಕಿವಿ ನಿಮ್ಮದೇ’ ಅನ್ನುತ್ತಾನೆ. ಎರಡನೆಯದರಲ್ಲಿ ಸುಮತಿಗೆ ಯಾರೂ ಮಾತಾಡದ, ಬರೀ ಉಸಿರಿರುವ ಕರೆ. ಮೂರರಲ್ಲಿ ಟಿಕೆಟ್ ಮಾಯ. ನಾಲ್ಕರಲ್ಲಿ ರೇಂಜರನ ಡೈರಿ ಸಿಗುತ್ತದೆ, ಕೊನೆಯ ಪುಟದಲ್ಲಿ ಸುಮತಿಯದೇ ಹೆಸರು. ಐದರ ಮೊದಲಲ್ಲೇ ಅದಕ್ಕೆ ಉತ್ತರ, ಊರಿನಲ್ಲಿ ನಂಬಬಹುದಾದವಳು ಇವಳೊಬ್ಬಳೇ ಎಂದು ಅವನು ಬರೆದಿಟ್ಟಿದ್ದ.

‘ಐದರ ಹುಕ್?’ ಚಂದ್ರು ನಿಂತ. ‘ಹಳೇದು ಸುಳ್ಳು ಹುಕ್. ಸುಮತಿ ಬಾವಿಗೆ ಜಾರತಾಳ, ಆರರಾಗ ಏನೂ ಆಗಿರಂಗಿಲ್ಲ. ಮೇಡಂ ಅದನ್ನ ಹಿಡೀತಾರ.’

‘ಐದ್ರಾಗ ನನಗ ನಿಂಗಣ್ಣನ್ನ ಕೊಡ್ರಿ,’ ಅಂದಾನಿ ಅಂಗಲಾಚಿದ. ‘ಅವನ ಚೀಲ ಮಂಚಿಕೇರಿ ತಿರುವಿನ ಬಿದಿರಮೆಳ್ಯಾಗ ಸಿಗ್ತೈತಿ. ಪೊಲೀಸರು ಅವನ ಕೈಗೆ ಬೇಡಿ ಹಾಕ್ತಾರ. ಅಲ್ಲಿಗೆ ಐದು ಮುಗೀತು. ಆರರಾಗ ಜನ ಅವನ್ನ ಬೈದ ಬೈತಾರ.’

ಗಿರಿಜವ್ವ ಕೆಳಗಿನ ಚಹಾ ಅಂಗಡಿಯ ಕಡೆಯ ಕಿಟಕಿಯನ್ನು ನೋಡಿದರು.

‘ಹಾಕ್ರಿ,’ ಅಂದರು ತಡೆದು. ‘ಆದ್ರ ಆರನೇದ್ರಾಗ ಅವನ್ನ ಬಿಡಸಾಕಿ ಸುಮತಿನ ಆಗ್ಬೇಕು. ಎಲ್ಲಾರ ಮುಂದ. ಲೈನ್ ಕೆಟ್ಟಿದ್ರ ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಹೋದ್ರು ಅಂತ ದೂರಿನ ಪುಸ್ತಕದಾಗ ಬರೀತಿದ್ವಿ. ಆ ಹೊತ್ನ್ಯಾಗ ನಿಂಗಣ್ಣ ಸಿದ್ದಾಪುರದ ಕಂಬದ ಮ್ಯಾಲಿದ್ದ ಅಂತ ಅಕಿ ತೋರಸ್ಬೇಕು. ಬೇಡಿ ಬಿಚ್ಚೂದನ್ನ ಊರು ನೋಡ್ಬೇಕು. ಹಾಕೂದು ಮಾತ್ರ ತೋರ್ಸಿ ಬಿಡಬಾರದು.’

‘ನಿಂಗಣ್ಣ ಅಲ್ಲಂದ್ರ ವಯರು ಬಲ್ಲಾಂವ ಮತ್ತ್ಯಾರು?’ ಚಂದ್ರು ಅಂಗೈ ತಟ್ಟಿದ. ‘ಆರರ ಹುಕ್! ಸುಮತಿ ಮನೀಗೆ ಬಂದು ರಮಾನಂದ ರಿಪೇರಿ ಮಾಡಿದ ರೇಡಿಯೊ ಹಾಕ್ತಾಳ. ಅದನ್ನ ನೋಡ್ತಾಳ. ಸುಮ್ನ ನಿಂತುಬಿಡ್ತಾಳ. ಅಷ್ಟ.’

ಏಳನೆಯದರಲ್ಲಿ ಮದುವೆಗೆ ನಾಲ್ಕು ದಿನ. ಸುಮತಿಯ ಹತ್ತಿರ ಸಾಕ್ಷಿಯಿಲ್ಲ. ಕೊನೆಗೆ ಅವಳು ಬೋರ್ಡಿನ ಮುಂದೆ ಒಬ್ಬಳೇ ಇದ್ದಾಗ ಹೊಸ ರೇಂಜರ್ ಯಲ್ಲಾಪುರಕ್ಕೆ ಕರೆ ಕೇಳುತ್ತಾನೆ. ಪಿನ್ ಹಾಕುತ್ತಾಳೆ. ಕಟ್. ದನಿ ಸಣ್ಣಗಾಗುತ್ತದೆ. ಕೇಳುತ್ತಿರುವವನು ಯಾರೆಂದು ಅವಳಿಗೆ ಗೊತ್ತು, ನೋಡುವವರಿಗೂ ಗೊತ್ತು. ಅಲ್ಲಿಗೆ ಏಳು ಮುಗಿಯುತ್ತದೆ.

ಎಂಟನೆಯ ಸಾಲು ಮಾತ್ರ ಖಾಲಿ. ಗಿರಿಜವ್ವನ ಗಡಿಯಾರದಲ್ಲಿ ಐದೂ ನಲವತ್ತೆಂಟು.

‘ಹಿಡಿಯೂದು ಹೆಂಗ?’ ಅಂದ ಅಂದಾನಿ. ‘ಅಕಿ ಓಡಿಹೋಗಿ ಪೊಲೀಸರಿಗೆ ಹೇಳಿದ್ರ ನಂಬೋರು ಯಾರು?’

‘ಓಡೂದು ಎದಕ?’ ಅಂದರು ಗಿರಿಜವ್ವ. ಈಗ ಅವರ ದನಿ ಬೋರ್ಡಿನ ಮುಂದಿನ ದನಿಯಾಗಿತ್ತು, ಆತುರವಿಲ್ಲದ್ದು. ‘ಅಂವ ಕೇಳಾಕತ್ತಾನಲ್ಲ. ಕೇಳವಂಗೆ ಕೇಳಸ್ಲಿ. ಜೀವಮಾನದಾಗ ಮದಲನೇ ಸಲ ಅಕಿ ನಡುವ ಬಾಯಿ ಹಾಕ್ಲಿ. ರೇಂಜರ್ ಸಾಹೇಬ್ರ, ಮಾಯ ಆದ ಟಿಕೆಟ್ಟಿನ ಇನ್ನೊಂದು ಪ್ರತಿ ಸಿಕ್ಕೈತಿ, ಮಂಚಿಕೇರಿ ಗುಡಿ ಹಿಂದಿನ ಕಟ್ಟಿ ಸಂದ್ಯಾಗ ಐತಿ, ಮುಂಜಾನೆ ತಗೊಂಡು ಬರ್ತೀನಿ ಅಂತ. ಅಲ್ಲಿ ಏನೂ ಇಲ್ಲ. ಅದನ್ನ ಹುಡುಕಾಕ ಯಾರು ಬರ್ತಾರೋ, ಆ ಮಾತು ಕೇಳಿದಾಂವ ಅಂವ ಒಬ್ಬನ.’

ಚಂದ್ರು ಖಾಲಿ ಸಾಲಿನ ಮುಂದೆ ಹೋಗಿ ನಿಂತ. ‘ಕದ್ದು ಕೇಳಿದ್ಳು ಅಂತ ಊರು ಬೈದಾಕಿ, ಕದ್ದು ಕೇಳವನನ್ನ ಕೇಳಸಿ ಹಿಡೀತಾಳ,’ ಅಂದ. ಅಂದಾನಿ ತನ್ನ ಕೆಂಪು ಚೀಟಿಯನ್ನು ತಾನೇ ಕಿತ್ತು ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡ. ಹೊಸದು ಬರೆಯುವಾಗ ಅವನ ಅಕ್ಷರ ಸೊಟ್ಟಗಾಯಿತು.

‘ಎರಡು ನಿಮಿಷ ಐತಿ,’ ಅಂದರು ಗಿರಿಜವ್ವ. ಗೋಡೆಯ ಗಡಿಯಾರ ಆರಕ್ಕೆ ಇನ್ನೂ ಆರು ನಿಮಿಷ ತೋರಿಸುತ್ತಿತ್ತು. ಚಂದ್ರು ಅದನ್ನು ನಂಬದೆ ಲ್ಯಾಪ್‌ಟಾಪಿನ ಮುಂದೆ ಕೂತ. ಅವನು ಕೂತದ್ದಕ್ಕೂ ಪರದೆಯ ಮೇಲೆ ಮೇಡಂ ಮುಖ ಮೂಡಿದ್ದಕ್ಕೂ ಸರಿಹೋಯಿತು.

ಐವತ್ತು ನಿಮಿಷ ಚಂದ್ರು ಹೇಳಿದ. ಮೇಡಂ ನಗಲಿಲ್ಲ, ತಲೆದೂಗಲಿಲ್ಲ. ಒಂದೇ ಕಡೆ ತಡೆದರು. ‘ಏಳರಲ್ಲೇ ರಮಾನಂದ ಎಂದು ಗೊತ್ತಾಗಿಹೋದರೆ ಎಂಟನ್ನು ಯಾಕೆ ನೋಡಬೇಕು?’

ಚಂದ್ರು ಗೋಡೆಯ ಎಂಟನೆಯ ಸಾಲಿನ ಕಡೆ ನೋಡಿದ. ಗಿರಿಜವ್ವ ಹಾಲ್‌ನ ಆಚೆ ಬದಿಯಲ್ಲಿ, ಕ್ಯಾಮೆರಾಕ್ಕೆ ಕಾಣದಲ್ಲಿ, ಕರಡಿಗೆಯ ಮೇಲೆ ಕೈಯಿಟ್ಟು ಕೂತಿದ್ದರು.

‘ಯಾರು ಅಂತ ಗೊತ್ತಾಗಿರುತ್ತೆ ಮೇಡಂ,’ ಅಂದ ಚಂದ್ರು. ‘ಊರಿಗೆ ಗೊತ್ತಾಗಿರೋದಿಲ್ಲ. ನೋಡುವವರು ಎಂಟನೇದಕ್ಕೆ ಬರೋದು ಊರು ಅವಳ ಮುಂದೆ ತಲೆ ತಗ್ಗಿಸೋದನ್ನ ನೋಡೋದಕ್ಕೆ. ಒಂದನೇದರ ಕೊನೆಯಲ್ಲಿ ಅವಳಿಗೆ ಮೂರನೇ ಕಿವಿ ಅಂದ ಇನ್‌ಸ್ಪೆಕ್ಟರ್ ಎಂಟರ ಕೊನೆಯಲ್ಲಿ ಅದೇ ಬೋರ್ಡಿನ ಮುಂದೆ ನಿಂತು ಕ್ಷಮೆ ಕೇಳ್ತಾನೆ.’

ಮೇಡಂ ಏನೋ ಬರೆದುಕೊಂಡರು. ‘ಪೂರ್ತಿ ಬರೆಯಿರಿ,’ ಅಂದರು. ಪರದೆ ಆರಿತು.

ಅಂದಾನಿ ಕುಣಿದ. ನಾಗವೇಣಿ ಮುಖ ಮುಚ್ಚಿಕೊಂಡು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಗಿರಿಜವ್ವ ತಣ್ಣಗಾದ ಚಹಾ ಕುಡಿದು, ನಾಲ್ಕೂ ಲೋಟ ಎತ್ತಿಕೊಂಡು ಮೆಟ್ಟಿಲಿಳಿದರು. ಚಂದ್ರು ಹಿಂದೆಯೇ ಬಂದ.

ಅಂಗಡಿಯಲ್ಲಿ ಪರಮೇಶ್ವರಪ್ಪ ಒಲೆಯ ಕಡೆ ಮುಖ ಮಾಡಿ ನಿಂತಿದ್ದ. ಗಿರಿಜವ್ವ ಲೋಟಗಳನ್ನು ಬಾನಿಯಲ್ಲಿಟ್ಟರು.

‘ಪರಮೇಶಪ್ಪ, ನಿಂಗಣ್ಣನ್ನ ಬೇಡಿ ಹಾಕಿ ಒಯ್ತಾರ. ಮುಂದಿನ ಕಂತಿನ್ಯಾಗ ಎಲ್ಲಾರ ಮುಂದ ಬಿಡ್ತಾರ. ಅವಂದೇನೂ ತಪ್ಪಿಲ್ಲ. ಮದಲ ಹೇಳಿರ್ತೀನಿ, ಅರ್ಧಾ ನೋಡಿ ಎದ್ದು ಹೋಗಬ್ಯಾಡ.’

ಅವನು ತಿರುಗಿ ಅವರ ಮುಖ ನೋಡಿದ. ‘ಬಿಡಸಾವ್ರು ಯಾರು?’

‘ಆಪರೇಟರ್ ಹುಡುಗಿ.’

ಅವನು ತಲೆಯಾಡಿಸಿದ. ಇನ್ನೊಂದು ಲೋಟ ಬಿಸಿ ಚಹಾ ತುಂಬಿ ಅವರ ಮುಂದಿಟ್ಟ.

ರಸ್ತೆಗೆ ಬಂದ ಮೇಲೆ ಚಂದ್ರು ಅವರನ್ನು ತಡೆದ.

‘ಅವ್ವಾರ, ನಾ ಮಾತಿಗೆ ತಪ್ಪಾಂವ ಇದ್ದೆ, ನೀವು ತಪ್ಪಾಕ ಬಿಡಲಿಲ್ಲ. ನನ್ನ ಕೈಲಾಗೂದು ಒಂದೈತಿ. ಕೊನೇ ಎಪಿಸೋಡ್ ಮುಗಿದ ಮ್ಯಾಲ ಪರದೆ ಮ್ಯಾಲ ಬರಸ್ತೀನಿ. ಇದು ನಡೆದ ಕತಿ, ಶಿರಸಿ ಎಕ್ಸ್‌ಚೇಂಜಿನ ವೆಂಕಮ್ಮ ನಿರಪರಾಧಿ, ಅಂತ. ಅಕಿ ಫೋಟೊ ಇದ್ರ ಕೊಡ್ರಿ. ತಿಮ್ಮವ್ವಾರು ನೋಡ್ಲಿ. ಊರೂ ನೋಡ್ಲಿ.’

ಗಿರಿಜವ್ವನ ಮನೆಯಲ್ಲಿ ಫೋಟೊ ಇತ್ತು. ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನ ಮುಂದೆ ಕೂತ ವೆಂಕಮ್ಮ, ಕ್ಯಾಮೆರಾದ ಕಡೆ ನೋಡದೆ. ಇಂಥದೊಂದು ಸಾಲನ್ನು ಎಲ್ಲಿಯಾದರೂ ಓದಬೇಕೆಂದು ಅವರು ಎಷ್ಟು ವರ್ಷ ಬಯಸಿದ್ದರು! ಹಿಂದೆ ಅಂಗಡಿಯಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

‘ಬ್ಯಾಡ್ರಿ,’ ಅಂದರು.

‘ಯಾಕವ್ವಾರ?’

‘ನಡೆದ ಕತಿ, ಅಕಿ ಅಲ್ಲ ಅಂತ ನೀವು ಬರದ್ರ, ಹಂಗಾದ್ರ ಯಾರು ಅಂತ ಊರು ನಾಳೆ ಮುಂಜಾನಿಂದ ಹುಡುಕಾಕ ಹತ್ತತೈತಿ. ಕಂಬಾ ಹತ್ತತಿದ್ದವರು ಯಾರ್‍ಯಾರು ಅಂತ ಎಣಸ್ತೈತಿ. ಖರೇ ಏನಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಸುಮತಿ ಗೆದ್ದಾಳ, ತಿಮ್ಮಿ ನೋಡ್ತಾಳ, ಅಕೀಗೆ ತಿಳೀತೈತಿ. ಅಷ್ಟ ಸಾಕು. ವೆಂಕಮ್ಮಕ್ಕನ ಹೆಸರು ಬ್ಯಾಡ.’

ಕೈಗಡಿಯಾರ ನೋಡಿಕೊಂಡು, ಸೆರಗು ಹೊದ್ದು, ಬಸ್ ನಿಲ್ದಾಣದ ಕಡೆ ನಡೆದರು.